ಅಪ್ಪನಿಲ್ಲದ ಮೊದಲ ಹುತ್ತರಿ: ಗೆಳತಿಗೆ ಏನಂತ ಬರೆಯಲಿ?

ಪ್ರಶ್ನೆ: ನಾನು ಸೋಮವಾರಪೇಟೆಯವಳು, ಮಡಿಕೇರಿಯಲ್ಲಿ ಕೆಲಸ. ನನ್ನ ಕಾಲೇಜು ಗೆಳತಿ ಕೊಡವರ ಹುಡುಗಿ, ತವರು ನಾಪೋಕ್ಲು ಹತ್ತಿರ. ಏಪ್ರಿಲ್‌ನಲ್ಲಿ ಮದುವೆಯಾಗಿ ಪೊನ್ನಂಪೇಟೆ ಕಡೆ ಹೋದಳು. ಜುಲೈನಲ್ಲಿ ಅವಳ ಅಪ್ಪ ಇದ್ದಕ್ಕಿದ್ದಂತೆ ತೀರಿಕೊಂಡರು. ಪ್ರತಿ ವರ್ಷ ಅವರ ಸುಗ್ಗಿ ಹಬ್ಬ ಹುತ್ತರಿಗೆ ನಾನು ಅವರ ಮನೆಗೆ ಹೋಗುತ್ತಿದ್ದೆ. ಹೋದ ವರ್ಷ ಗದ್ದೆಯಿಂದ ಭತ್ತದ ಕದಿರು ತೆಗೆಯಲು ಹೊರಟಾಗ ಅಂಕಲ್ ನನ್ನ ಕೈಗೆ ಟಾರ್ಚ್ ಕೊಟ್ಟು ಮುಂದೆ ನಡೆಯಲು ಹೇಳಿದ್ದರು. ಈ ಸಲ "ಹುತ್ತರಿ ಶುಭಾಶಯ" ಅಂದರೆ ಅವಳಿಗೆ ನೋವಾಗುತ್ತೆ, ಸುಮ್ನಿದ್ದರೆ ಮರೆತ ಹಾಗಾಗುತ್ತೆ. ಏನು ಹೇಳಲಿ, ಯಾವಾಗ ಹೇಳಲಿ?

ಉತ್ತರ: ಶುಭಾಶಯ ಹೇಳಬೇಡಿ. ಸುಮ್ಮನೆಯೂ ಇರಬೇಡಿ. ಹುತ್ತರಿಯ ಹಿಂದಿನ ದಿನ ಸಂಜೆ ಅವಳೊಬ್ಬಳಿಗೇ ನಾಲ್ಕೈದು ಸಾಲಿನ ಒಂದು ಮೆಸೇಜ್ ಕಳಿಸಿ. ಅದರಲ್ಲಿ ಅವಳ ಅಪ್ಪ ಇರಲಿ, ಆ ಟಾರ್ಚ್ ಇರಲಿ, ಉತ್ತರ ಬರೆಯಲೇಬೇಕು ಅಂತಿಲ್ಲ ಅನ್ನುವ ಮಾತಿರಲಿ. ಹಬ್ಬ ಕಳೆದು ಎರಡು ಮೂರು ದಿನವಾದ ಮೇಲೆ ಫೋನ್ ಮಾಡಿ. ಸಾಧ್ಯವಾದರೆ ನಾಪೋಕ್ಲಿಗೆ ಹೋಗಿ ಅವಳ ಅವ್ವನನ್ನು ನೋಡಿ ಬನ್ನಿ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಯಾಕೆ ಹೀಗೆ ಅಂತ ಗೊತ್ತಾದರೆ ಮಾತುಗಳು ನಿಮ್ಮದೇ ಆಗಿ ಬರುತ್ತವೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಾವಾದ ಮನೆಯಲ್ಲಿ ಎಲ್ಲ ಹಬ್ಬವೂ ಒಂದೇ ರೀತಿ ನೋಯಿಸುವುದಿಲ್ಲ. ಹೋದವರಿಗೆ ಆ ಹಬ್ಬದಲ್ಲಿ ಏನು ಕೆಲಸ ಇತ್ತೋ ಅಲ್ಲಿ ನೋವು ಜಾಸ್ತಿ. ಅಡುಗೆಮನೆ ನೋಡಿಕೊಳ್ಳುತ್ತಿದ್ದ ಅಮ್ಮ ಹೋದರೆ ಒಲೆಯ ಮುಂದೆ ದುಃಖ ಬರುತ್ತದೆ. ಹುತ್ತರಿಯಲ್ಲಿ ಅಪ್ಪನ ಕೆಲಸ ಎಲ್ಲಿತ್ತು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ನೀವು ನೋಡಿದ್ದೀರಿ. ದೀಪದ ಮುಂದೆ ಹಿರಿಯರನ್ನು ನೆನೆಯುತ್ತಾರೆ. ಮನೆಯ ಹಿರಿಯರು ಕುಡುಗೋಲು ಕೈಗೆ ಕೊಡುತ್ತಾರೆ. ಎಲ್ಲರೂ ಗದ್ದೆಗೆ ಹೊರಡುತ್ತಾರೆ. ಕದಿರು ಕೊಯ್ಯುವ ಹೊತ್ತಿಗೆ ಗುಂಡು ಹಾರುತ್ತದೆ, "ಪೊಲಿ ಪೊಲಿ ದೇವಾ" ಅಂತ ಕೂಗು ಏಳುತ್ತದೆ. ಕದಿರು ಮನೆಗೆ ಬಂದ ಮೇಲೆ ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ. ಇದರಲ್ಲಿ ಎಷ್ಟು ಕಡೆ ಅವಳ ಅಪ್ಪ ಇದ್ದರು ಅಂತ ಎಣಿಸಿ ನೋಡಿ. ಈ ಸಲ ಅಷ್ಟೂ ಕಡೆ ಬೇರೆ ಯಾರೋ ನಿಂತಿರುತ್ತಾರೆ, ಇಲ್ಲವೇ ಯಾರೂ ನಿಂತಿರುವುದಿಲ್ಲ.

ಗುಂಡಿನ ಸದ್ದಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕೊಡವರ ಮನೆಯಲ್ಲಿ ಸಾವಾದಾಗ ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ರೂಢಿ ಇದೆ. ಅವಳು ಜುಲೈ ಮಳೆಯಲ್ಲಿ ಆ ಎರಡು ಸದ್ದು ಕೇಳಿರಬಹುದು. ಡಿಸೆಂಬರಿನ ರಾತ್ರಿ ಗದ್ದೆಗಳ ಕಡೆಯಿಂದ ಮತ್ತೆ ಗುಂಡಿನ ಸದ್ದು ಬರುತ್ತದೆ. ಕಿವಿಗೆ ಹಬ್ಬ ಯಾವುದು, ಸಾವು ಯಾವುದು ಅಂತ ತಕ್ಷಣ ಗೊತ್ತಾಗುವುದಿಲ್ಲ. ನನ್ನ ಹತ್ತಿರ ಮಾತಾಡಲು ಬಂದ ಒಬ್ಬ ಹುಡುಗ, ತನ್ನ ಅಜ್ಜ ತೀರಿದ ವರ್ಷ ಹುತ್ತರಿಯ ಮೊದಲ ಗುಂಡು ಕೇಳಿದ ಕೂಡಲೇ ಕೈಕಾಲು ತಣ್ಣಗಾಯಿತು ಅಂದಿದ್ದ. ನಿಮ್ಮ ಗೆಳತಿಗೂ ಹಾಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ಅವಳ ಫೋನಿಗೆ ಬಣ್ಣಬಣ್ಣದ ಚಿತ್ರ ಬಂದು ಬೀಳುವುದು ಬೇಡ ಅನ್ನುವುದಕ್ಕೆ ಇದನ್ನು ಹೇಳಿದೆ.

ಅದಕ್ಕೇ ಹಿಂದಿನ ಸಂಜೆ ಅಂದೆ. ಹುತ್ತರಿಗೆ ಒಂದು ಅನುಕೂಲ ಇದೆ. ಎಲೆಗಳಿಂದ ನೆರೆ ಕಟ್ಟುವುದು, ಕದಿರು ತೆಗೆಯುವುದು, ಊಟ, ಈ ಮೂರರ ಮುಹೂರ್ತವೂ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮೊದಲೇ ನಿಶ್ಚಯವಾಗುತ್ತದೆ. ಪತ್ರಿಕೆಯಲ್ಲೂ ಬರುತ್ತದೆ. ಹಾಗಾಗಿ ಅವಳಿಗೆ ಕಷ್ಟದ ಗಳಿಗೆ ಯಾವುದು ಅಂತ ನಿಮಗೆ ಮೊದಲೇ ಗೊತ್ತಿರುತ್ತದೆ. ಬೇರೆ ಹಬ್ಬಗಳಲ್ಲಿ ಇಷ್ಟು ಕರಾರುವಾಕ್ಕಾಗಿ ಹೇಳಲು ಆಗುವುದಿಲ್ಲ. ಹಿಂದಿನ ಸಂಜೆ ಕಳಿಸಿದರೆ ಅವಳು ಒಬ್ಬಳೇ ಇರುವಾಗ ಓದಬಹುದು, ಅಳು ಬಂದರೆ ಅಳಬಹುದು. ಮರುದಿನ ಗಂಡನ ಮನೆಯವರ ನಡುವೆ ನಿಂತಾಗ ಕಣ್ಣೊರೆಸಿಕೊಳ್ಳುವ ಪೇಚು ಇರುವುದಿಲ್ಲ. ಜೊತೆಗೆ, ನಾಳೆ ನನ್ನ ಅಪ್ಪನನ್ನು ಇನ್ನೊಬ್ಬರೂ ನೆನೆಯುತ್ತಾರೆ ಅಂತ ಗೊತ್ತಿದ್ದು ಹಬ್ಬಕ್ಕೆ ಹೋಗುತ್ತಾಳೆ. ಹಬ್ಬದ ರಾತ್ರಿ ಹನ್ನೊಂದಕ್ಕೆ ಬಂದ ಒಳ್ಳೆಯ ಮೆಸೇಜಿಗಿಂತ ಹಿಂದಿನ ಸಂಜೆಯ ಸಾಧಾರಣ ಮೆಸೇಜ್ ಮೇಲು. ಇದು ನಾನು ಬಹಳ ಜನರ ಜೊತೆ ಮಾತಾಡಿ ಕಂಡುಕೊಂಡಿದ್ದು.

ನಿಮ್ಮ ಗೆಳತಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಇದು ಅವಳಿಗೆ ಅಪ್ಪನಿಲ್ಲದ ಮೊದಲ ಹುತ್ತರಿ. ಮದುವೆಯಾದ ಮೇಲಿನ ಮೊದಲ ಹುತ್ತರಿಯೂ ಹೌದು. ಈಗ ಅವಳ ಒಕ್ಕ, ಅಂದರೆ ಮನೆತನ, ಗಂಡನ ಒಕ್ಕ. ಅಲ್ಲಿ ಹಬ್ಬ ಜೋರಾಗಿಯೇ ನಡೆಯಬಹುದು. ಹೊಸ ಸೊಸೆ ಅಂತ ಎಲ್ಲರ ಕಣ್ಣೂ ಅವಳ ಮೇಲೇ ಇರುತ್ತದೆ. ತವರಿನಲ್ಲಿ ಅದೇ ರಾತ್ರಿ ಅವ್ವ ದೀಪ ಹಚ್ಚಿ ಕೂತಿರಬಹುದು. ಅವಳ ದೇಹ ಪೊನ್ನಂಪೇಟೆಯಲ್ಲಿ, ಮನಸ್ಸು ನಾಪೋಕ್ಲಿನಲ್ಲಿ. ಎಲ್ಲರೂ ಅವಳಿಗೆ "ಮದುವೆಯಾದ ಮೇಲಿನ ಮೊದಲ ಹುತ್ತರಿ, ಚೆನ್ನಾಗಿ ಮಾಡು" ಅಂತ ಕಳಿಸುತ್ತಾರೆ. ಅವರದ್ದೇನೂ ತಪ್ಪಿಲ್ಲ. ಆದರೆ ಇದು ಅಪ್ಪನಿಲ್ಲದ ಮೊದಲ ಹುತ್ತರಿ ಅನ್ನುವುದನ್ನು ಹೇಳುವವರು ಕಡಿಮೆ. ನೀವು ಅದನ್ನು ಹೇಳಿ.

ಹಾಗಂತ ಅವಳು ಹಬ್ಬದಲ್ಲಿ ಖುಷಿ ಪಡಲೇಬಾರದು ಅನ್ನುವ ಹಾಗೆ ಬರೆಯಬೇಡಿ. ಇದು ಸೂಕ್ಷ್ಮವಾದ ಜಾಗ. ದುಃಖದಲ್ಲಿರುವವರು ಇಡೀ ದಿನ ದುಃಖದಲ್ಲೇ ಇರುವುದಿಲ್ಲ. ಒಂದು ಗಳಿಗೆ ಹೋದವರ ನೆನಪಲ್ಲಿ ಮುಳುಗುತ್ತಾರೆ, ಮತ್ತೊಂದು ಗಳಿಗೆ ಎದ್ದು ಮುಂದಿನ ಕೆಲಸ ನೋಡುತ್ತಾರೆ, ನಗುತ್ತಾರೆ, ಮತ್ತೆ ಮುಳುಗುತ್ತಾರೆ. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1999ರಲ್ಲಿ ಇದನ್ನೇ ವಿವರಿಸಿದರು. ಹೀಗೆ ಆ ಕಡೆ ಈ ಕಡೆ ತೂಗಾಡುವುದೇ ಸರಿಯಾದ ದಾರಿ, ಅದರಲ್ಲಿ ಕುಂದೇನಿಲ್ಲ ಅನ್ನುವುದು ಅವರ ಮಾತು. ಕದಿರು ತರುವಾಗ ಅವಳು ಗಟ್ಟಿಯಾಗಿ "ಪೊಲಿ ಪೊಲಿ ದೇವಾ" ಅನ್ನಬಹುದು, ಊರಿನ ಬಯಲು ಮಂದ್‌ನಲ್ಲಿ ಕೋಲಾಟ ನೋಡಿ ನಗಬಹುದು. ಆಮೇಲೆ "ಅಪ್ಪ ಹೋಗಿ ಐದು ತಿಂಗಳಿಗೆ ನಾನು ನಕ್ಕೆನಲ್ಲ" ಅಂತ ಅವಳಿಗೇ ಚುಚ್ಚುತ್ತದೆ. ನಿಮ್ಮ ಮಾತು ಆ ಚುಚ್ಚುವಿಕೆಗೆ ಇನ್ನೊಂದು ಮುಳ್ಳು ಸೇರಿಸಬಾರದು.

ಇಷ್ಟೆಲ್ಲ ಇಟ್ಟುಕೊಂಡು ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಬರೆಯುತ್ತಿದ್ದೆ:

"ನಾಳೆ ಪುತ್ತರಿ. ಬೆಳಗ್ಗೆಯಿಂದ ಅಂಕಲ್ ನೆನಪಾಗ್ತಿದ್ದಾರೆ. ಹೋದ ವರ್ಷ ತೋಟದ ದಾರಿಯಲ್ಲಿ ನನ್ನ ಕೈಗೆ ಟಾರ್ಚ್ ಕೊಟ್ಟು ಮುಂದೆ ನಡಿ ಅಂದಿದ್ರು. ನಾಳೆ ಕದಿರು ತೆಗೆಯೋ ಹೊತ್ತಿಗೆ ನಾನು ಇಲ್ಲಿಂದಲೇ ಅವರನ್ನ ನೆನೀತೀನಿ. ನಿನ್ನನ್ನೂ, ಆಂಟಿಯನ್ನೂ. ಇದಕ್ಕೆ ಉತ್ತರ ಬರೀಬೇಕು ಅಂತಿಲ್ಲ. ಹಬ್ಬ ಮುಗಿದ ಮೇಲೆ ಫೋನ್ ಮಾಡ್ತೀನಿ."

ಇದರಲ್ಲಿ ಏನೇನಿದೆ ಅಂತ ನೋಡಿ. "ಪುತ್ತರಿ" ಅಂತ ಬರೆದಿದ್ದೇನೆ. ನೀವು ಹುತ್ತರಿ ಅನ್ನುತ್ತೀರಿ, ಅವಳ ಮನೆಯಲ್ಲಿ ಪುತ್ತರಿ ಅನ್ನುತ್ತಾರೆ. ಅಪ್ಪನ ಬಾಯಲ್ಲಿ ಬರುತ್ತಿದ್ದ ಪದ ಅದು, ಹಾಗಾಗಿ ಅವಳಿಗೆ ಹತ್ತಿರ. "ಅಂಕಲ್" ಅಂತ ನೇರವಾಗಿ ಹೇಳಿದ್ದೇನೆ. "ನಿನಗಾದ ನಷ್ಟ", "ಅಗಲಿಕೆ" ಅಂತೆಲ್ಲ ಬಳಸು ಮಾತು ಇಲ್ಲ. ಟಾರ್ಚಿನ ಸಂಗತಿ ನಿಮಗೆ ಮಾತ್ರ ಗೊತ್ತಿರುವುದು. ಅಪ್ಪನ ಬಗ್ಗೆ ಅವಳ ಹತ್ತಿರ ಇರುವ ನೆನಪುಗಳ ಗಂಟಿಗೆ ಹೊಸದೊಂದು ಸೇರುತ್ತದೆ. ಹೋದವರ ಬಗ್ಗೆ ಹೊಸ ನೆನಪು ಹುಟ್ಟುವುದು ನಿಂತುಹೋಗಿರುತ್ತದೆ ಅಲ್ವಾ, ಅದಕ್ಕೇ ಬೇರೆಯವರು ಕೊಡುವ ಇಂಥ ಸಣ್ಣ ನೆನಪಿಗೆ ಅಷ್ಟು ಬೆಲೆ. ಇದು ಯಾವ ಸಾಂತ್ವನದ ಮಾತಿಗಿಂತಲೂ ದೊಡ್ಡದು ಅಂತ ನಾನು ನಂಬಿದ್ದೇನೆ.

"ಹೇಗಿದ್ದೀಯ?" ಅಂತ ಕೇಳಿಲ್ಲ, ಗಮನಿಸಿ. ಬೇರೆ ದಿನ ಅದು ಒಳ್ಳೆಯ ಪ್ರಶ್ನೆ. ಹಬ್ಬದ ಹಿಂದಿನ ದಿನ ಅದಕ್ಕೆ ಉತ್ತರ ಕೊಡುವುದು ಕಷ್ಟ. "ಚೆನ್ನಾಗಿದ್ದೀನಿ" ಅಂದರೆ ಸುಳ್ಳು, ನಿಜ ಹೇಳಿದರೆ ಹಬ್ಬದ ಮನೆಯಲ್ಲಿ ಅಳಬೇಕು. ಫೋನ್ ಮಾಡುತ್ತೇನೆ ಅಂತ ಬರೆದಿದ್ದು ಮಾತ್ರ ತಪ್ಪಬಾರದು. ಮಾಡಲು ಆಗದಿದ್ದರೆ ಆ ಸಾಲನ್ನೇ ಬಿಟ್ಟುಬಿಡಿ.

ಸತ್ತವರ ಹೆಸರನ್ನು ಶುಭ ದಿನ ಎತ್ತಬಹುದಾ ಅಂತ ಕೆಲವರು ಕೇಳುತ್ತಾರೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆ ಅಳುಕು ಇದೆ. ಆದರೆ ಹುತ್ತರಿ ಹಿರಿಯರನ್ನು ಹೊರಗಿಟ್ಟು ಮಾಡುವ ಹಬ್ಬ ಅಲ್ಲ. ಒಕ್ಕದ ಹಿರಿಯರು, ಕೊಡವರು ಗುರು ಕಾರೋಣ ಅನ್ನುವವರು, ಅವರನ್ನು ನೆನೆದೇ ಕೆಲಸ ಶುರುವಾಗುತ್ತದೆ. ಹಾಗಾಗಿ ನೀವು ಅಂಕಲ್ ಹೆಸರು ಹೇಳಿದರೆ ಹಬ್ಬಕ್ಕೆ ಮೈಲಿಗೆಯಾಗುವುದಿಲ್ಲ. ಒಂದು ಎಚ್ಚರ ಬೇಕು. "ಅಂಕಲ್ ಈಗ ಕಾರೋಣರ ಜೊತೆ ಸೇರಿದ್ದಾರೆ" ಅಂತ ನೀವಾಗಿ ಬರೆಯಬೇಡಿ. ಯಾರು ಯಾವಾಗ ಆ ಸಾಲಿಗೆ ಸೇರುತ್ತಾರೆ ಅನ್ನುವುದು ಆ ಒಕ್ಕಕ್ಕೆ ಬಿಟ್ಟ ವಿಷಯ. ಹೊರಗಿನವರ ಬಾಯಲ್ಲಿ ಅದು ಅರ್ಧ ತಿಳಿದ ಮಾತಾಗುತ್ತದೆ. ಟಾರ್ಚಿನ ವಿಷಯ ನಿಮ್ಮದು, ಅದನ್ನು ಹೇಳಿ.

ಮೆಸೇಜ್ ಬರೆಯುವ ಮೊದಲು ಒಂದು ಸಂಗತಿ ತಿಳಿದುಕೊಳ್ಳಬೇಕು: ಅವರ ಮನೆಗಳಲ್ಲಿ ಈ ಸಲ ಹಬ್ಬ ಹೇಗೆ? ಸಾವಾದ ವರ್ಷ ಹಬ್ಬವನ್ನೇ ಬಿಡುವ ಮನೆಗಳಿವೆ. ಹೊಸ ಅಕ್ಕಿ ಮನೆಗೆ ಬರಲೇಬೇಕು ಅಂತ ಕದಿರಷ್ಟೇ ತಂದು, ಓಲಗ, ನೆಂಟರ ಊಟ ಎಲ್ಲ ಬಿಡುವವರಿದ್ದಾರೆ. "ಅಪ್ಪನಿಗೆ ಪುತ್ತರಿ ಅಂದರೆ ಪ್ರಾಣ, ನಿಲ್ಲಿಸಬಾರದು" ಅಂತ ಎಂದಿನಂತೆ ಮಾಡುವವರೂ ಇದ್ದಾರೆ. ಇದರಲ್ಲಿ ಸರಿ ತಪ್ಪು ನಾವು ಹೇಳುವಂಥದ್ದಲ್ಲ. ನಾಲ್ಕೈದು ದಿನ ಮೊದಲೇ ಅವಳನ್ನೇ ಕೇಳಬಹುದು. "ಹಬ್ಬ ಮಾಡ್ತೀರಾ?" ಅಂತ ಕೇಳಬೇಡಿ. ಆ ಪ್ರಶ್ನೆಯಲ್ಲಿ, ಮಾಡಿದರೂ ತಪ್ಪು, ಮಾಡದಿದ್ದರೂ ತಪ್ಪು ಅನ್ನುವ ಧ್ವನಿ ಬಂದುಬಿಡುತ್ತದೆ. "ಪುತ್ತರಿಗೆ ಎಲ್ಲಿರ್ತೀಯ, ಪೊನ್ನಂಪೇಟೆಲೋ ನಾಪೋಕ್ಲಲ್ಲೋ?" ಅಂತ ಕೇಳಿ. ಊರಿನ ಹೆಸರು ಹೇಳುತ್ತಾ ಮಿಕ್ಕಿದ್ದನ್ನು ಅವಳೇ ಹೇಳುತ್ತಾಳೆ. ಅವಳಿಂದ ಉತ್ತರ ಬರದಿದ್ದರೆ ಅವಳ ಅಣ್ಣನನ್ನೋ ಅತ್ತಿಗೆಯನ್ನೋ ಕೇಳಿ, ಪದೇಪದೇ ಅವಳನ್ನು ತಟ್ಟಬೇಡಿ.

ಅವಳು ತವರಿಗೇ ಹೋಗುತ್ತಿದ್ದರೆ, ಅಲ್ಲಿ ಹಬ್ಬ ಇಲ್ಲದಿದ್ದರೆ, ಮೇಲಿನ ಮೆಸೇಜಿನಲ್ಲಿ "ಕದಿರು ತೆಗೆಯೋ ಹೊತ್ತಿಗೆ" ಅನ್ನುವುದನ್ನು "ನಾಳೆ ರಾತ್ರಿ" ಅಂತ ಬದಲಿಸಿ. ಸಣ್ಣ ಬದಲಾವಣೆ, ಆದರೆ ಕದಿರೇ ಬಾರದ ಮನೆಗೆ ಕದಿರಿನ ಮಾತು ಬೇಡ. ಎಂದಿನಂತೆ ಹಬ್ಬ ನಡೆಯುತ್ತಿದ್ದರೆ, ಅವಳೇ ಖುಷಿಯಿಂದ ಹೇಳಿದ್ದರೆ, ಕೊನೆಯಲ್ಲಿ "ಕದಿರು ಚೆನ್ನಾಗಿ ಬರಲಿ" ಅಂತ ಒಂದು ಸಾಲು ಸೇರಿಸಬಹುದು. "ಪೊಲಿ" ಅಂದರೆ ಹೆಚ್ಚಲಿ, ಸಮೃದ್ಧಿಯಾಗಲಿ ಅಂತ ಅಲ್ವಾ. ಆ ರಾತ್ರಿ ಕೇಳಿಕೊಳ್ಳುವುದೇ ಅದನ್ನು. ದುಃಖದ ಮನೆಗೂ ಅಕ್ಕಿ ಬರಲಿ ಅಂತ ಹಾರೈಸಬಹುದು. ಸಂತೋಷವಾಗಿರಿ ಅನ್ನುವ ಹಾರೈಕೆ ಮಾತ್ರ ಈ ವರ್ಷ ಅವಳಿಗೆ ಭಾರ.

ಈಗ ನನ್ನ ಹತ್ತಿರ ಬಂದಿದ್ದ ಒಬ್ಬರ ಸಂಗತಿ ಹೇಳುತ್ತೇನೆ. ಅವರ ಒಪ್ಪಿಗೆ ಇದೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ವಿರಾಜಪೇಟೆ ಕಡೆಯ ಹೆಣ್ಣುಮಗಳು. ಆಗಸ್ಟ್‌ನಲ್ಲಿ ಅವರ ಅಣ್ಣ ಹೋಗಿದ್ದರು. ಹುತ್ತರಿ ಕಳೆದ ವಾರ ನನ್ನೆದುರು ಕೂತು ಫೋನ್ ತೋರಿಸಿದರು. ಹಬ್ಬದ ದಿನ ಅರವತ್ತಕ್ಕೂ ಹೆಚ್ಚು ಶುಭಾಶಯ ಬಂದಿದ್ದವು. ಹೆಚ್ಚಿನವು ಭತ್ತದ ತೆನೆಯ ಅದೇ ಚಿತ್ರ. ಆಗಸ್ಟ್‌ನಲ್ಲಿ ಅಂಗಳದಲ್ಲಿ ನಿಂತು ಅತ್ತವರೂ ಅದನ್ನೇ ಕಳಿಸಿದ್ದರು. "ಸಿಟ್ಟು ಬರಲಿಲ್ಲ. ಅವರಿಗೆ ಮರೆತುಹೋಗಿದೆ ಅನ್ನಿಸಿತು, ಅದು ಹೆಚ್ಚು ನೋವಾಯಿತು" ಅಂದರು. ಯಾರೂ ಮರೆತಿರಲಿಲ್ಲ. ಎಲ್ಲರಿಗೂ ಒಟ್ಟಿಗೆ ಕಳಿಸುವಾಗ ಪಟ್ಟಿಯಲ್ಲಿ ಇವರ ಹೆಸರೂ ಇತ್ತು, ಅಷ್ಟೇ. ಆದರೆ ಓದುವವರಿಗೆ ಅದು ಗೊತ್ತಾಗುವುದು ಹೇಗೆ?

ಇನ್ನು ಕೆಲವರು ಉದ್ದುದ್ದ ಬರೆದಿದ್ದರು. "ಧೈರ್ಯ ತಗೋ, ಈಗ ಅಪ್ಪ ಅಮ್ಮನಿಗೆ ನೀನೇ ಗಂಡು ಮಗ" ಅಂತ ಒಬ್ಬರು. ಬರೆದವರ ಮನಸ್ಸು ಒಳ್ಳೆಯದೇ. ಆದರೆ ಅಣ್ಣ ಹೋದ ನೋವಿನ ಮೇಲೆ ಅಣ್ಣನ ಹೊರೆಯನ್ನೂ ಹಬ್ಬದ ದಿನವೇ ಹೊರಿಸಿದ ಹಾಗಾಯಿತು. "ಅವನಿದ್ದಿದ್ದರೆ ಇವತ್ತು ಹೇಗಿರುತ್ತಿತ್ತು!" ಅಂತ ಇನ್ನೊಬ್ಬರು. ಅದನ್ನು ಅವರು ಬೆಳಗ್ಗೆಯಿಂದ ನೂರು ಸಲ ಅಂದುಕೊಂಡಿದ್ದರು. ನೀವು ಬರೆಯುವಾಗಲೂ ಈ ವ್ಯತ್ಯಾಸ ನೆನಪಿಡಿ. "ಇದ್ದಿದ್ದರೆ" ಅನ್ನುವ ಮಾತು ಇಲ್ಲದಿರುವುದನ್ನು ತೋರಿಸುತ್ತದೆ. "ಅವತ್ತು ಹೀಗೆ ಮಾಡಿದ್ದರು" ಅನ್ನುವ ಮಾತು ಇದ್ದದ್ದನ್ನು ತೋರಿಸುತ್ತದೆ.

ಆ ಅರವತ್ತರಲ್ಲಿ ಅವರು ಉಳಿಸಿಕೊಂಡಿದ್ದು ಒಂದೇ ಒಂದು. ಶಾಲೆಯಲ್ಲಿ ಜೊತೆಗೆ ಓದಿದವನದು. ಹಬ್ಬದ ಬೆಳಗ್ಗೆ ಬಂದಿತ್ತು. "ಹುತ್ತರಿ ಗೆಣಸು ಬೇಯಿಸ್ತಿದ್ದೀವಿ. ನಿಮ್ಮಣ್ಣ ನಮ್ಮನೆಗೆ ಬಂದು ಸಿಪ್ಪೆ ಸಮೇತ ತಿಂದು ನಮ್ಮಮ್ಮನ್ನ ನಗಿಸಿದ್ದು ನೆನಪಾಯ್ತು. ಅಮ್ಮ ಇವತ್ತೂ ಅದನ್ನೇ ಹೇಳ್ತಿದ್ರು." ಇಷ್ಟೇ. ಶುಭಾಶಯ ಇಲ್ಲ, ಸಮಾಧಾನ ಇಲ್ಲ. ಅವರು ಅದಕ್ಕೆ ಆ ದಿನ ಉತ್ತರ ಬರೆಯಲಿಲ್ಲ. ಮೂರು ವಾರ ಬಿಟ್ಟು "ಆ ಕಥೆ ನನಗೆ ಗೊತ್ತೇ ಇರಲಿಲ್ಲ" ಅಂತ ಬರೆದರಂತೆ. ಆ ಮೂರು ವಾರ ಕಳಿಸಿದವನು ಏನೂ ಕೇಳಲಿಲ್ಲ, "ಮೆಸೇಜ್ ನೋಡಿದ್ಯಾ?" ಅಂತ ಕೂಡ. ನೀವೂ ಹಾಗೆ ಇರಬೇಕಾಗಬಹುದು. ನೀಲಿ ಗೆರೆ ಬಿದ್ದು ಉತ್ತರ ಬರದಿದ್ದರೆ, ತಪ್ಪು ಮಾಡಿದೆನಾ ಅಂತ ಚಡಪಡಿಸಿ ಇನ್ನೊಂದು ಕಳಿಸಬೇಡಿ. ಓದಿ ಸುಮ್ಮನಾಗುವುದೂ ಒಂದು ಉತ್ತರವೇ.

ಒಮ್ಮೆ ನನ್ನಿಂದಲೂ ತಪ್ಪಾಗಿತ್ತು. ಗಂಡನನ್ನು ಕಳೆದುಕೊಂಡಿದ್ದ ಗೆಳತಿಗೆ ಕೈಲ್‌ಪೊಳ್ದ್ ದಿನ ಎಲ್ಲರಿಗೂ ಕಳಿಸುವಾಗ ಅವಳಿಗೂ ಶುಭಾಶಯ ಹೋಗಿಬಿಟ್ಟಿತು. ಕೈಲ್‌ಪೊಳ್ದ್ ಅಂದರೆ ಕೋವಿ ಕತ್ತಿಗಳನ್ನು ಇಟ್ಟು ಪೂಜಿಸುವ ಹಬ್ಬ. ಆ ಮನೆಯಲ್ಲಿ ಕೋವಿ ಒರೆಸಿ ಇಡುತ್ತಿದ್ದವರೇ ಅವಳ ಗಂಡ. ನಾನು ತಕ್ಷಣ ಅದನ್ನು ಅಳಿಸಿದೆ. ಅದು ಎರಡನೆಯ ತಪ್ಪು. ಅಳಿಸಿದ ಗುರುತು ಅವಳ ಫೋನಿನಲ್ಲಿ ಉಳಿಯಿತು, ಏನಿತ್ತು ಅಂತ ಅವಳು ಇನ್ನೂ ಯೋಚಿಸುವ ಹಾಗಾಯಿತು. ಸಂಜೆ ಫೋನ್ ಮಾಡಿ ಹೇಳಿದೆ: "ಬೆಳಗ್ಗೆ ಎಲ್ಲರಿಗೂ ಕಳಿಸೋವಾಗ ನಿನಗೂ ಬಂತು. ನನ್ನ ತಪ್ಪು. ಇವತ್ತು ಅವರ ನೆನಪಾಗ್ತಿದೆ." ಅಷ್ಟಕ್ಕೆ ನಿಲ್ಲಿಸಬೇಕು. ಯಾಕಾಯಿತು, ಎಷ್ಟು ಕೆಲಸ ಇತ್ತು ಅಂತ ವಿವರಿಸಲು ಹೋದರೆ ಅವಳೇ ನಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಅಂದಿನಿಂದ ಪ್ರತಿ ಹಬ್ಬದ ಮೊದಲು ನಾನು ಪಟ್ಟಿ ತೆರೆದು ಆ ವರ್ಷ ಸಾವು ಕಂಡ ಮನೆಯವರ ಹೆಸರು ತೆಗೆಯುತ್ತೇನೆ. ನೀವೂ ಗೆಳತಿಯ ಹೆಸರನ್ನು ಈಗಲೇ ತೆಗೆದಿಡಿ. ಕಾಲೇಜಿನ ಗೆಳೆಯರ ಗುಂಪಿನಲ್ಲಿ ಅವಳಿದ್ದರೆ, ಆ ಗುಂಪಿನಲ್ಲಿ ಬರುವ ಶುಭಾಶಯಗಳನ್ನು ತಡೆಯಲು ಹೋಗಬೇಡಿ. "ಅವಳಿಗೆ ನೋವಾಗುತ್ತೆ, ಯಾರೂ ಹಾಕಬೇಡಿ" ಅಂದರೆ ಅವಳ ದುಃಖ ಎಲ್ಲರೆದುರು ಚರ್ಚೆಯ ವಸ್ತುವಾಗುತ್ತದೆ. ನೀವು ಮಾತ್ರ ಅಲ್ಲಿ ಏನೂ ಹಾಕದೆ ಅವಳಿಗೆ ಬೇರೆಯಾಗಿ ಬರೆಯಿರಿ.

ಇನ್ನು ಅವಳ ಅವ್ವನ ವಿಷಯ. ನಿಮ್ಮ ಪ್ರಶ್ನೆಯಲ್ಲಿ ಅವರ ಮಾತೇ ಬಂದಿಲ್ಲ, ಆದರೆ ನನಗೆ ಓದಿದಾಗಿನಿಂದ ಅವರದ್ದೇ ಯೋಚನೆ. ಮಗಳು ಏಪ್ರಿಲ್‌ನಲ್ಲಿ ಮನೆಯಿಂದ ಹೋದಳು, ಗಂಡ ಜುಲೈನಲ್ಲಿ ಹೋದರು. ಪ್ರತಿ ಹುತ್ತರಿಗೂ ಬರುತ್ತಿದ್ದ ನೀವೂ ಈ ಸಲ ಬರದಿದ್ದರೆ ಅವರ ಮನೆಯಿಂದ ಮೂರನೆಯವರು ಕಡಿಮೆಯಾದ ಹಾಗೆ. ಗೆಳತಿಗೆ ನೀವು ಕೊಡಬಹುದಾದ ದೊಡ್ಡ ನೆಮ್ಮದಿ ಅಂದರೆ, ಅವಳಿಗೆ ಹೋಗಲು ಆಗದ ಆ ಮನೆಗೆ ನೀವು ಹೋಗಿ ಬರುವುದು. ಮೊದಲು ಗೆಳತಿಗೆ ಹೇಳಿ: "ಪುತ್ತರಿ ಆದಮೇಲೆ ಭಾನುವಾರ ಆಂಟಿನ ನೋಡ್ಕೊಂಡು ಬರ್ತೀನಿ, ಆಗಬಹುದಾ?" ಅವಳು ಬೇಡ ಅಂದರೆ ಬಿಟ್ಟುಬಿಡಿ.

ಹಬ್ಬದ ರಾತ್ರಿ ಹೋಗಬೇಡಿ. ಆ ರಾತ್ರಿ ಏನು ಮಾಡಬೇಕು ಅಂತ ಆ ಮನೆಯವರಿಗೇ ಇನ್ನೂ ಗೊತ್ತಿರುವುದಿಲ್ಲ, ನೀವು ಹೋದರೆ ನಿಮ್ಮನ್ನು ಉಪಚರಿಸಬೇಕಾಗುತ್ತದೆ. ಹುತ್ತರಿ ಮುಗಿದು ಊರಿನ ಮಂದ್‌ಗಳಲ್ಲಿ ಕೋಲಾಟ ನಡೆಯುವ ದಿನಗಳಲ್ಲಿ ಹೋಗಿ. ಊರೆಲ್ಲ ಹೊರಗಿರುತ್ತದೆ, ಅವರು ಒಬ್ಬರೇ ಮನೆಯಲ್ಲಿರುತ್ತಾರೆ. ಬೆಳಗ್ಗೆ ಹತ್ತು, ಹನ್ನೊಂದರ ಹೊತ್ತಿಗೆ ಹೋಗಿ ಊಟದ ಮೊದಲೇ ಹೊರಡಿ. ಅವರು ಒತ್ತಾಯ ಮಾಡಿ ಉಳಿಸಿಕೊಂಡರೆ ಉಳಿಯಿರಿ. ಸ್ವೀಟ್ ಬಾಕ್ಸ್ ಬೇಡ. ನಿಮ್ಮ ಕಡೆಯಿಂದ ಕಿತ್ತಳೆಯೋ ಬಾಳೆಹಣ್ಣೋ ತಗೊಂಡು ಹೋಗಿ. ತಂಬಿಟ್ಟು ಮಾಡಿ ಒಯ್ಯಲಾ ಅಂತ ಅನ್ನಿಸಬಹುದು. ಅವರ ಮನೆಯಲ್ಲಿ ಈ ವರ್ಷ ತಂಬಿಟ್ಟು ಮಾಡಿಲ್ಲ ಅಂದರೆ ಕೆಲವರಿಗೆ ಅದು ಬೇಕೆನಿಸುತ್ತದೆ, ಕೆಲವರು ಮುಟ್ಟುವುದಿಲ್ಲ. ಗೆಳತಿಯನ್ನು ಕೇಳಿ ನಿರ್ಧರಿಸಿ.

ಒಳಗೆ ಹೋದ ಮೇಲೆ ಜಾಸ್ತಿ ಮಾತು ಬೇಕಿಲ್ಲ. ಡಿಸೆಂಬರ್ ಅಂದರೆ ಭತ್ತದ ಕೊಯ್ಲು ಬರುತ್ತಿರುತ್ತದೆ, ಕಾಫಿ ಹಣ್ಣಾಗಿರುತ್ತದೆ. ಅಂಕಲ್ ಇದ್ದಾಗ ಆಳು ಕರೆಯುವುದು, ಲೆಕ್ಕ ನೋಡುವುದು ಅವರೇ ಮಾಡುತ್ತಿದ್ದರು ಅಂತಾದರೆ, ಆಂಟಿಯ ಮಾತು ತಾನಾಗಿ ಆ ಕಡೆ ಹೋಗುತ್ತದೆ. ಹೋಗಲಿ ಬಿಡಿ. "ಏನಾದ್ರೂ ಬೇಕಿದ್ರೆ ಹೇಳಿ ಆಂಟಿ" ಅನ್ನುವ ಮಾತಿಗೆ ಯಾರೂ ಏನೂ ಹೇಳುವುದಿಲ್ಲ. ಮಡಿಕೇರಿಯಲ್ಲಿ ಕೆಲಸ ಮಾಡುವ ನೀವು "ಬ್ಯಾಂಕ್ ಕೆಲಸ, ತಾಲ್ಲೂಕು ಕಚೇರಿ ಕೆಲಸ ಏನಾದ್ರೂ ಬಾಕಿ ಇದ್ಯಾ? ಸೋಮವಾರ ನಾನು ಜೊತೆಗೆ ಬರ್ತೀನಿ" ಅಂತ ಕೇಳಬಹುದು. ಸಾವಾದ ಐದಾರು ತಿಂಗಳಿಗೆ ಖಾತೆ, ಪಿಂಚಣಿ, ಮನೆತನದ ಜಮ್ಮ ಜಾಗದ ಕಾಗದ ಇಂಥದ್ದು ಒಂದಲ್ಲ ಒಂದು ಉಳಿದಿರುತ್ತದೆ.

ಅವರು ಅತ್ತರೆ ಮಾತು ಬದಲಿಸಬೇಡಿ. ನೀವೇ ನೋವು ಕೆದಕಿದಿರಿ ಅಂತ ಗಾಬರಿಯಾಗುವುದೂ ಬೇಡ. ನೀವು ಬರುವ ಮೊದಲೂ ಆ ನೋವು ಅಲ್ಲೇ ಇತ್ತು.

ಐದು ತಿಂಗಳಿಗೆ ಇಷ್ಟು ದುಃಖ ಇರುವುದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿ ಕೂಡ, ತೀವ್ರವಾದ ದುಃಖ ಕನಿಷ್ಠ ಆರು ತಿಂಗಳಾದರೂ ಸಡಿಲವಾಗದೆ ದಿನದ ಬದುಕನ್ನೇ ಕೆಡಿಸುತ್ತಿದ್ದರೆ, ಅದೂ ಆ ಸಮುದಾಯದ ರೂಢಿಗಿಂತ ಬಹಳ ಹೆಚ್ಚಾಗಿದ್ದರೆ ಮಾತ್ರ ಅದನ್ನು ಬೇರೆಯಾಗಿ ನೋಡುತ್ತದೆ. ಆದರೆ ಗೆಳತಿಯಾಗಲಿ ಅವಳ ಅವ್ವನಾಗಲಿ ವಾರಗಟ್ಟಲೆ ಊಟ ನಿದ್ದೆ ಬಿಟ್ಟಿದ್ದರೆ, "ನಾನೂ ಹೋಗಿಬಿಡಬೇಕು" ಅನ್ನುವಂಥ ಮಾತಾಡಿದರೆ, ಆರು ತಿಂಗಳು ಕಾಯಬಾರದು. 14416 ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ನೀವೇ ಪಕ್ಕದಲ್ಲಿ ಕೂತು ಡಯಲ್ ಮಾಡಿ ಕೊಡಿ.

ಹುತ್ತರಿಯ ನಂತರದ ಫೋನ್ ಕರೆಯಲ್ಲಿ ಹಬ್ಬ ಹೇಗಾಯಿತು ಅಂತ ಕೇಳಬೇಡಿ. "ಅವತ್ತು ಕದಿರು ಯಾರು ತೆಗೆದರು?" ಅಂತ ಕೇಳಿ. ಗಂಡನ ಮನೆಯ ಬಗ್ಗೆ ಹೇಳಬೇಕೆನಿಸಿದರೆ ಅಲ್ಲಿಯದು ಹೇಳುತ್ತಾಳೆ, ಅಪ್ಪನ ಬಗ್ಗೆ ಹೇಳಬೇಕೆನಿಸಿದರೆ ನಾಪೋಕ್ಲಿನದು ಹೇಳುತ್ತಾಳೆ. ಯಾವ ಕಡೆಗೆ ಹೋಗುತ್ತಾಳೋ ಆ ಕಡೆಗೆ ನೀವೂ ಹೋಗಿ.